ಕೈ ನೋಡಿ ಮೂರ್ತಿ ಗುರುತಿಸುವುದು ಹೇಗೆ? ಆರು ಪ್ರಶ್ನೆಗಳ ಕ್ವಿಜ್, ಉತ್ತರ ಮತ್ತು ವಿವರಣೆ ಸಹಿತ

ಮೂರ್ತಿಗಳನ್ನು ಗುರುತಿಸಲು ಕಲಿಯುವವರು ಮೊದಲು ಮುದ್ರೆಗಳ ಪಟ್ಟಿಯನ್ನು ಬಾಯಿಪಾಠ ಮಾಡುತ್ತಾರೆ. ಅಭಯ, ವರದ, ಧ್ಯಾನ, ಭೂಮಿಸ್ಪರ್ಶ ಅಂತ. ಆಮೇಲೆ ಮ್ಯೂಸಿಯಂನಲ್ಲಿ ಒಂದು ಮೂರ್ತಿಯ ಎದುರು ನಿಂತಾಗ ತಬ್ಬಿಬ್ಬಾಗುತ್ತಾರೆ. ಅಭಯ ಹಸ್ತ ಬುದ್ಧನಿಗೂ ಇದೆ, ನಟರಾಜನಿಗೂ ಇದೆ, ಊರಿನ ದೇವಿಗೂ ಇದೆ. ಹಾಗಾಗಿ ಬರೀ ಮುದ್ರೆ ಹಿಡಿದುಕೊಂಡು ಹೆಸರು ಹೇಳಲು ಹೋದರೆ ಅರ್ಧಕ್ಕರ್ಧ ಉತ್ತರ ತಪ್ಪಾಗುತ್ತದೆ.

ಬಾಯಿಪಾಠಕ್ಕಿಂತ ನೋಡುವ ಕ್ರಮ ಮುಖ್ಯ. ಕೆಳಗೆ ಮೊದಲು ಆ ಕ್ರಮವನ್ನು ಹೇಳಿದ್ದೇನೆ, ಆಮೇಲೆ ಆರು ಪ್ರಶ್ನೆಗಳಿವೆ. ಚಿತ್ರವನ್ನು ಮಾತಿನಲ್ಲೇ ವರ್ಣಿಸಿದ್ದೇನೆ. ಓದಿ, ಒಂದು ನಿಮಿಷ ನಿಲ್ಲಿಸಿ, ನಿಮ್ಮ ಉತ್ತರ ಕಾಗದದ ಮೇಲೆ ಬರೆದುಕೊಂಡು ಮುಂದೆ ಹೋಗಿ.

ಮೊದಲ ಹೆಜ್ಜೆ: ಬಲ ಯಾವುದು, ಎಡ ಯಾವುದು

ಮೂರ್ತಿಯ ಬಗ್ಗೆ ಬರೆಯುವಾಗ ಬಲ, ಎಡ ಎಂದರೆ ಯಾವಾಗಲೂ ಮೂರ್ತಿಯ ಬಲ, ಮೂರ್ತಿಯ ಎಡ. ಎದುರು ನಿಂತ ನಮಗೆ ಅದು ತಿರುಗುಮುರುಗು. ಮೂರ್ತಿಯ ಬಲಗೈ ನಮ್ಮ ಎಡಗಡೆ ಕಾಣುತ್ತದೆ. ಚಿಕ್ಕ ವಿಷಯ ಅನಿಸಬಹುದು. ಆದರೆ ಮುಂದೆ ಬರುವ ವಿಷ್ಣುವಿನ ಪ್ರಶ್ನೆಯಲ್ಲಿ ಇದೊಂದು ತಪ್ಪಿದರೆ ಉತ್ತರವೇ ಬೇರೆಯಾಗುತ್ತದೆ.

ಇನ್ನೊಂದು ತೊಂದರೆ ಫೋಟೋದ್ದು. ಇಂಟರ್ನೆಟ್‌ನಲ್ಲಿ ಓಡಾಡುವ ಚಿತ್ರಗಳಲ್ಲಿ ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ತಿರುಗಿದವೂ ಇರುತ್ತವೆ. ಅದನ್ನು ಪತ್ತೆ ಹಚ್ಚುವುದು ಸುಲಭ. ಹಿಂದೂ ಮೂರ್ತಿಯಾದರೆ ಜನಿವಾರ ನೋಡಿ. ಅದು ಎಡ ಭುಜದಿಂದ ಇಳಿದು ಬಲ ಸೊಂಟದ ಕಡೆ ಹೋಗಬೇಕು. ಬುದ್ಧನಾದರೆ ಮೈಮೇಲೆ ಹೊದ್ದ ಭಿಕ್ಷುವಿನ ಬಟ್ಟೆ, ಅಂದರೆ ಚೀವರ ನೋಡಿ. ಒಂದು ಭುಜ ಬರಿದಾಗಿದ್ದರೆ ಅದು ಬಲ ಭುಜವೇ ಆಗಿರಬೇಕು. ನಟರಾಜನಾದರೆ ಎತ್ತಿದ ಕಾಲು ಸಾಮಾನ್ಯವಾಗಿ ಎಡಗಾಲು. ಇವು ಅದಲುಬದಲಾಗಿ ಕಂಡರೆ ಮೊದಲು ಫೋಟೋದ ಮೇಲೆ ಅನುಮಾನ ಪಡಿ.

ಎರಡನೇ ಹೆಜ್ಜೆ: ಕೈಗಳನ್ನು ಎಣಿಸಿ, ಮುಂದಿನವು ಹಿಂದಿನವು ಬೇರೆ ಮಾಡಿ

ನಾಲ್ಕು ಅಥವಾ ಅದಕ್ಕಿಂತ ಜಾಸ್ತಿ ಕೈಗಳಿದ್ದರೆ ಒಂದು ಸಾಮಾನ್ಯ ಪದ್ಧತಿ ಇದೆ. ಹಿಂದಿನ ಕೈಗಳು ಆಯುಧ ಅಥವಾ ವಸ್ತು ಹಿಡಿಯುತ್ತವೆ, ಮುಂದಿನ ಎರಡು ಕೈಗಳು ಮುದ್ರೆ ತೋರಿಸುತ್ತವೆ. ಚೋಳರ ಕಾಲದ ಕಂಚಿನ ನಟರಾಜನನ್ನು ನೆನಪಿಸಿಕೊಳ್ಳಿ. ಹಿಂದಿನ ಬಲಗೈಯಲ್ಲಿ ಡಮರು, ಹಿಂದಿನ ಎಡಗೈಯಲ್ಲಿ ಬೆಂಕಿ. ಮುಂದಿನ ಬಲಗೈ ಅಭಯ. ಮುಂದಿನ ಎಡಗೈ ಆನೆಯ ಸೊಂಡಿಲಿನ ಹಾಗೆ ಅಡ್ಡ ಬಂದು ಎತ್ತಿದ ಪಾದವನ್ನು ತೋರಿಸುತ್ತದೆ. ಇಲ್ಲಿ ಹೆಸರು ಹೇಳುವುದು ಹಿಂದಿನ ಕೈಗಳು. ಭಕ್ತನ ಜೊತೆ ಮಾತಾಡುವುದು ಮುಂದಿನ ಕೈಗಳು.

ಎರಡೇ ಕೈ ಇದ್ದರೆ ಈ ಸಹಾಯ ಸಿಗುವುದಿಲ್ಲ. ಆಗ ಬಟ್ಟೆ, ತಲೆ, ಪೀಠ ಇವುಗಳನ್ನೇ ನಂಬಬೇಕು.

ಮೂರನೇ ಹೆಜ್ಜೆ: ಅಂಗೈ ಯಾವ ಕಡೆ, ಬೆರಳು ಯಾವ ಕಡೆ

ಮುದ್ರೆಗೆ ಹೆಸರಿಡುವ ಮೊದಲು ಈ ಎರಡು ಪ್ರಶ್ನೆ ಕೇಳಿಕೊಳ್ಳಿ. ಅಂಗೈ ನಮ್ಮ ಕಡೆ, ಬೆರಳು ಮೇಲೆ: ಅಭಯ. ಅಂಗೈ ನಮ್ಮ ಕಡೆ, ಬೆರಳು ಕೆಳಗೆ: ವರದ. ಅಂಗೈ ಒಳಗಡೆ, ಬೆರಳು ನೆಲದ ಕಡೆ: ಭೂಮಿಸ್ಪರ್ಶ. ಎರಡೂ ಕೈ ಮಡಿಲಲ್ಲಿ, ಅಂಗೈ ಆಕಾಶದ ಕಡೆ: ಧ್ಯಾನ. ಎರಡೂ ಕೈ ಎದೆಯ ಮುಂದೆ, ಬೆರಳುಗಳು ಒಂದನ್ನೊಂದು ಮುಟ್ಟುವಂತೆ: ಧರ್ಮಚಕ್ರ. ಶುರುವಿಗೆ ಇಷ್ಟು ಸಾಕು.

ಕೈ ಮುರಿದಿದ್ದರೆ? ಹಳೆಯ ಕಲ್ಲಿನ ಮೂರ್ತಿಗಳಲ್ಲಿ ಮೊದಲು ಹೋಗುವುದೇ ಚಾಚಿದ ಕೈ. ಆಗ ಮೊಣಕೈ ನೋಡಿ. ಮೊಣಕೈ ಮಡಚಿ ಮುಂಗೈ ಮೇಲೆದ್ದ ಗುರುತಿದ್ದರೆ ಅಭಯ ಇರಬಹುದು, ಪಾಠ ಹೇಳುವ ವ್ಯಾಖ್ಯಾನ ಮುದ್ರೆಯೂ ಇರಬಹುದು. ಮಂಡಿಯ ಮೇಲೆ ಬೆರಳು ಅಂಟಿದ್ದ ಗುರುತು ಉಳಿದಿದ್ದರೆ ಭೂಮಿಸ್ಪರ್ಶದ ಕಡೆ ಯೋಚಿಸಬಹುದು. ಕೈ ಇದ್ದರೂ ಅದರ ಬಣ್ಣ, ಕಲ್ಲಿನ ಹೊಳಪು ಉಳಿದ ಮೂರ್ತಿಗಿಂತ ಬೇರೆ ಕಂಡರೆ, ಆ ಕೈ ಆಮೇಲೆ ಜೋಡಿಸಿದ್ದಿರಬಹುದು. ಅದನ್ನು ಸಾಕ್ಷಿಯಾಗಿ ತೆಗೆದುಕೊಳ್ಳಬೇಡಿ.

ಪ್ರಶ್ನೆ 1

ಪದ್ಮಾಸನದಲ್ಲಿ ಕೂತ ಮೂರ್ತಿ. ಎರಡು ಕೈ. ಎಡಗೈ ಮಡಿಲಲ್ಲಿದೆ. ಬಲಗೈ ಬಲ ಮಂಡಿಯ ಮೇಲಿಂದ ಇಳಿದಿದೆ, ನಮಗೆ ಕಾಣುವುದು ಕೈಯ ಹಿಂಭಾಗ, ಬೆರಳ ತುದಿ ಪೀಠವನ್ನು ಮುಟ್ಟುತ್ತಿದೆ. ಪಕ್ಕದಲ್ಲಿ ಇನ್ನೊಂದು ಮೂರ್ತಿ. ಎಲ್ಲ ಅದೇ ಥರ. ಆದರೆ ಇದರ ಬಲಗೈಯಲ್ಲಿ ನಮಗೆ ಅಂಗೈ ಕಾಣುತ್ತದೆ. ಇಬ್ಬರೂ ಒಬ್ಬರೇನಾ?

ಉತ್ತರ: ಅಲ್ಲ. ಮೊದಲನೆಯದು ಭೂಮಿಸ್ಪರ್ಶ. ಬೋಧಗಯೆಯಲ್ಲಿ ಮಾರನು ಎದುರಾದಾಗ ಸಿದ್ಧಾರ್ಥ ಭೂಮಿಯನ್ನೇ ಸಾಕ್ಷಿಗೆ ಕರೆದ ಕ್ಷಣ ಅದು. ಎರಡನೆಯದು ವರದ, ಕೊಡುವ ಕೈ. ಕೈ ಇರುವ ಜಾಗ ಒಂದೇ, ತಿರುಗಿದ ರೀತಿ ಮಾತ್ರ ಬೇರೆ. ದೂರದಿಂದ ತೆಗೆದ ಫೋಟೋದಲ್ಲಿ ಈ ವ್ಯತ್ಯಾಸ ಮಾಯವಾಗುತ್ತದೆ. ಆದ್ದರಿಂದ ಝೂಮ್ ಮಾಡಿ ಉಗುರು ಕಾಣುತ್ತದೋ, ಅಂಗೈ ಗೆರೆ ಕಾಣುತ್ತದೋ ನೋಡಬೇಕು.

ಈ ವ್ಯತ್ಯಾಸ ಎಷ್ಟು ಕೆಲಸಕ್ಕೆ ಬರುತ್ತದೆ ಎನ್ನುವುದಕ್ಕೆ ಜಾವಾದ ಬೊರೊಬುದುರ್‌ಗಿಂತ ಒಳ್ಳೆ ಜಾಗ ಇಲ್ಲ. ಸುಮಾರು 1200 ವರ್ಷ ಹಿಂದಿನ ಆ ಸ್ತೂಪದಲ್ಲಿ ಮೊದಲಿಗೆ 504 ಬುದ್ಧ ಮೂರ್ತಿಗಳಿದ್ದವು. ಮೇಲ್ನೋಟಕ್ಕೆ ಎಲ್ಲ ಒಂದೇ ಥರ. ಆದರೆ ಕೆಳಗಿನ ನಾಲ್ಕು ಸಾಲುಗಳಲ್ಲಿ ಕೈಗಳು ದಿಕ್ಕಿಗೆ ತಕ್ಕಂತೆ ಬದಲಾಗುತ್ತವೆ. ಒಂದೊಂದು ದಿಕ್ಕಿಗೂ ಒಬ್ಬೊಬ್ಬ ಬುದ್ಧ. ಪೂರ್ವದಲ್ಲಿ ಭೂಮಿಸ್ಪರ್ಶ, ಅವನು ಅಕ್ಷೋಭ್ಯ. ದಕ್ಷಿಣದಲ್ಲಿ ವರದ, ರತ್ನಸಂಭವ. ಪಶ್ಚಿಮದಲ್ಲಿ ಧ್ಯಾನ, ಅಮಿತಾಭ. ಉತ್ತರದಲ್ಲಿ ಅಭಯ, ಅಮೋಘಸಿದ್ಧಿ. ಅಂದರೆ ಅಲ್ಲಿ ಒಂದು ಬಲಗೈ ನೋಡಿದರೆ ಸಾಕು, ನೀವು ಸ್ತೂಪದ ಯಾವ ಬದಿಯಲ್ಲಿದ್ದೀರಿ ಎಂದು ಗೊತ್ತಾಗುತ್ತದೆ. ಅದೇ ಭೂಮಿಸ್ಪರ್ಶದ ಮೂರ್ತಿ ಬಿಹಾರದ ಹೊಲದಲ್ಲಿ ಒಂಟಿಯಾಗಿ ಸಿಕ್ಕಿದ್ದರೆ ಅಕ್ಷೋಭ್ಯ ಎನ್ನುವುದಕ್ಕಿಂತ ಮೊದಲು ಶಾಕ್ಯಮುನಿ, ಅಂದರೆ ಸಿದ್ಧಾರ್ಥನಾಗಿದ್ದ ಬುದ್ಧ ಎಂದೇ ಹೇಳುತ್ತೇವೆ. ಮುದ್ರೆ ಒಂದೇ, ಇಟ್ಟ ಜಾಗ ಹೆಸರನ್ನು ಬದಲಿಸುತ್ತದೆ.

ಪ್ರಶ್ನೆ 2

ಪದ್ಮಾಸನ. ಎರಡೂ ಕೈ ಮಡಿಲಲ್ಲಿ, ಎಡ ಅಂಗೈ ಮೇಲೆ ಬಲ ಅಂಗೈ. ಗುಂಗುರು ಕೂದಲು, ಉದ್ದ ಕಿವಿ, ಆಭರಣ ಒಂದೂ ಇಲ್ಲ. ತಲೆಯ ಮೇಲೆ ಒಂದರ ಮೇಲೊಂದು ಮೂರು ಕೊಡೆ. ಕತ್ತಿನ ಸುತ್ತ, ಮಣಿಕಟ್ಟಿನ ಹತ್ತಿರ, ಪಾದದ ಮೇಲೆ ಬಟ್ಟೆಯ ಅಂಚು ಎಲ್ಲೂ ಇಲ್ಲ. ಧ್ಯಾನ ಬುದ್ಧ ಅಲ್ವಾ?

ಉತ್ತರ: ಜೈನ ತೀರ್ಥಂಕರ. ಕರ್ನಾಟಕದಲ್ಲಿ ಓಡಾಡುವವರು ಈ ಪ್ರಶ್ನೆಯನ್ನು ಕ್ವಿಜ್‌ನಿಂದ ಬಿಡಲೇಬಾರದು. ಹೊಲದಲ್ಲಿ, ಕೆರೆ ಏರಿಯಲ್ಲಿ ಸಿಕ್ಕ ತೀರ್ಥಂಕರ ಮೂರ್ತಿಯನ್ನು ಬುದ್ಧ ಎಂದು ಕರೆಯುವುದು ನಮ್ಮಲ್ಲಿ ಬಹಳ ಸಾಮಾನ್ಯ. ಧ್ಯಾನದ ಕೈ ಇಬ್ಬರಿಗೂ ಒಂದೇ.

ವ್ಯತ್ಯಾಸ ಹೇಳುವುದು ಬಟ್ಟೆ. ಬುದ್ಧನ ಚೀವರವನ್ನು ಶಿಲ್ಪಿ ಎಷ್ಟೇ ತೆಳ್ಳಗೆ ತೋರಿಸಿದರೂ ಎದೆಯ ಮೇಲೆ ಓರೆಯಾಗಿ ಅಥವಾ ಕತ್ತಿನ ಸುತ್ತ ಒಂದು ಗೆರೆ ಇರುತ್ತದೆ, ಪಾದದ ಹತ್ತಿರ ಅಂಚು ಸಿಗುತ್ತದೆ. ದಿಗಂಬರ ತೀರ್ಥಂಕರನಿಗೆ ಅದಿಲ್ಲ. ಆಮೇಲೆ ಮುಕ್ಕೊಡೆ. ಎದೆಯ ಮಧ್ಯೆ ಶ್ರೀವತ್ಸದ ಗುರುತು ನೋಡಿ ಎಂದು ಕೆಲವರು ಹೇಳುತ್ತಾರೆ. ಉತ್ತರ ಭಾರತದ ಮೂರ್ತಿಗಳಿಗೆ ಅದು ಸರಿ. ದಕ್ಷಿಣದಲ್ಲಿ ಎಷ್ಟೋ ತೀರ್ಥಂಕರರ ಎದೆಯ ಮೇಲೆ ಶ್ರೀವತ್ಸವೇ ಇರುವುದಿಲ್ಲ. ಅದು ಇಲ್ಲ ಅಂತ ಬುದ್ಧ ಎಂದು ತೀರ್ಮಾನಿಸಬೇಡಿ. ಯಾವ ತೀರ್ಥಂಕರ ಎಂದು ತಿಳಿಯಲು ಪೀಠದ ಮೇಲಿನ ಲಾಂಛನ ಹುಡುಕಿ. ಹೆಡೆಯೆತ್ತಿದ ಹಾವು ತಲೆಯ ಮೇಲೆ ಇದ್ದರೆ ಹೆಚ್ಚಾಗಿ ಪಾರ್ಶ್ವನಾಥ. ಆದರೆ ಎಚ್ಚರ, ನಾಗ ಮುಚಲಿಂದನ ಹೆಡೆಯ ಕೆಳಗೆ ಕೂತ ಬುದ್ಧನೂ ಇದ್ದಾನೆ. ಮತ್ತೆ ಬಟ್ಟೆಯ ಅಂಚಿಗೇ ವಾಪಸ್ ಬರಬೇಕು.

ಪ್ರಶ್ನೆ 3

ಬಲಗೈ ಎದೆಯ ಮಟ್ಟಕ್ಕೆ ಎತ್ತಿದೆ, ಹೆಬ್ಬೆರಳು ತೋರುಬೆರಳು ಸೇರಿ ಉಂಗುರದ ಹಾಗಾಗಿವೆ, ಅಂಗೈ ನಮ್ಮ ಕಡೆ. ಯಾರು?

ಉತ್ತರ: ಇಷ್ಟರಿಂದ ಹೇಳಲಾಗುವುದಿಲ್ಲ, ಅದೇ ಸರಿಯಾದ ಉತ್ತರ. ಇದು ಪಾಠ ಹೇಳುವ ಕೈ. ಬೌದ್ಧರಲ್ಲಿ ಇದಕ್ಕೆ ವಿತರ್ಕ ಎನ್ನುತ್ತಾರೆ, ಶೈವರಲ್ಲಿ ವ್ಯಾಖ್ಯಾನ ಅಥವಾ ಚಿನ್ಮುದ್ರೆ. ನಾಲ್ಕು ಕೈ, ಆಲದ ಮರ, ಕಾಲ ಕೆಳಗೆ ಅಪಸ್ಮಾರ ಎಂಬ ಕುಳ್ಳ, ಅಕ್ಕಪಕ್ಕ ಋಷಿಗಳು ಇದ್ದರೆ ದಕ್ಷಿಣಾಮೂರ್ತಿ. ದೇವಸ್ಥಾನದ ದಕ್ಷಿಣ ಗೋಡೆಯಲ್ಲಿದ್ದರೆ ಇನ್ನೂ ಗಟ್ಟಿ. ಎರಡು ಕೈ, ಚೀವರ, ನೆತ್ತಿಯ ಮೇಲೆ ಉಷ್ಣೀಷದ ಉಬ್ಬು ಇದ್ದರೆ ಬುದ್ಧ.

ಉಂಗುರದ ಹಾಗೆ ಬೆರಳು ಮಡಚಿದ ಇನ್ನೊಂದು ಕೈಯೂ ಇದೆ. ಚೋಳರ ಕಂಚಿನ ಪಾರ್ವತಿಯ ಬಲಗೈ ನೋಡಿ. ಅದು ಕಟಕ ಹಸ್ತ, ಪೂಜೆಯ ಹೊತ್ತಿಗೆ ಅದರಲ್ಲಿ ಒಂದು ಹೂವು ಸಿಗಿಸುತ್ತಾರೆ. ಮ್ಯೂಸಿಯಂನಲ್ಲಿ ಹೂವಿಲ್ಲದೆ ನಿಂತಾಗ ಸುಮ್ನೆ ಪಾಠ ಹೇಳುತ್ತಿರುವಂತೆ ಕಾಣುತ್ತದೆ.

ಪ್ರಶ್ನೆ 4

ಹೊಯ್ಸಳ ದೇವಸ್ಥಾನದ ಹೊರಗೋಡೆ. ನಿಂತ ಮೂರ್ತಿ, ಎತ್ತರದ ಕಿರೀಟ, ನಾಲ್ಕು ಕೈ. ನಿಮ್ಮ ಎಡಗಡೆ ಕೆಳಗಿನ ಕೈಯಲ್ಲಿ ತಾವರೆ. ಅದರ ಮೇಲಿನ ಕೈಯಲ್ಲಿ ಶಂಖ. ನಿಮ್ಮ ಬಲಗಡೆ ಮೇಲಿನ ಕೈಯಲ್ಲಿ ಚಕ್ರ. ಅದರ ಕೆಳಗಿನ ಕೈಯಲ್ಲಿ ಗದೆ. ವಿಷ್ಣು ಎಂದು ಬರೆದರೆ ಅರ್ಧ ಅಂಕ. ಪೂರ್ತಿ ಅಂಕಕ್ಕೆ ಯಾವ ವಿಷ್ಣು ಎಂದು ಹೇಳಿ.

ಉತ್ತರ: ಕೇಶವ. ಇದನ್ನು ಸ್ವಲ್ಪ ನಿಧಾನವಾಗಿ ಬಿಡಿಸೋಣ, ನನ್ನ ಪ್ರಕಾರ ಮೂರ್ತಿ ಗುರುತಿಸುವ ಕೆಲಸದಲ್ಲಿ ಇಷ್ಟು ಚೊಕ್ಕವಾದ ಲೆಕ್ಕ ಇನ್ನೊಂದಿಲ್ಲ.

ಸಂಧ್ಯಾವಂದನೆ ಮಾಡುವವರಿಗೆ ಕೇಶವ, ನಾರಾಯಣ, ಮಾಧವ, ಗೋವಿಂದ ಎಂದು ಶುರುವಾಗುವ ಇಪ್ಪತ್ತನಾಲ್ಕು ಹೆಸರು ಗೊತ್ತೇ ಇರುತ್ತವೆ. ಆ ಒಂದೊಂದು ಹೆಸರಿಗೂ ಒಂದೊಂದು ಮೂರ್ತಿ ಇದೆ. ಎಲ್ಲರ ಕೈಯಲ್ಲೂ ಅದೇ ನಾಲ್ಕು ವಸ್ತು: ಶಂಖ, ಚಕ್ರ, ಗದೆ, ಪದ್ಮ. ಬದಲಾಗುವುದು ಯಾವ ಕೈಯಲ್ಲಿ ಯಾವುದು ಎನ್ನುವುದು ಮಾತ್ರ. ನಾಲ್ಕು ವಸ್ತುವನ್ನು ನಾಲ್ಕು ಕೈಗೆ ಎಷ್ಟು ರೀತಿಯಲ್ಲಿ ಹಂಚಬಹುದು? ಮೊದಲ ಕೈಗೆ ನಾಲ್ಕು ಆಯ್ಕೆ, ಎರಡನೆಯದಕ್ಕೆ ಮೂರು, ಮೂರನೆಯದಕ್ಕೆ ಎರಡು, ಕೊನೆಯದಕ್ಕೆ ಒಂದು. ಗುಣಿಸಿದರೆ 24. ಒಂದೂ ಹೆಚ್ಚಿಲ್ಲ, ಒಂದೂ ಕಮ್ಮಿಯಿಲ್ಲ.

ಓದುವ ಕ್ರಮ ಹೀಗೆ. ಮೂರ್ತಿಯ ಕೆಳಗಿನ ಬಲಗೈಯಿಂದ ಶುರು ಮಾಡಿ. ಅಲ್ಲಿಂದ ಮೇಲಿನ ಬಲಗೈ, ಆಮೇಲೆ ಮೇಲಿನ ಎಡಗೈ, ಕೊನೆಗೆ ಕೆಳಗಿನ ಎಡಗೈ. ಎದುರು ನಿಂತ ನಮಗೆ ಇದು ಪ್ರದಕ್ಷಿಣೆ, ಗಡಿಯಾರದ ಮುಳ್ಳು ಹೋಗುವ ದಿಕ್ಕು. ನಮ್ಮ ಪ್ರಶ್ನೆಯ ಮೂರ್ತಿಯನ್ನು ಹಾಗೆ ಓದಿದರೆ ಪದ್ಮ, ಶಂಖ, ಚಕ್ರ, ಗದೆ. ಇದು ಅಗ್ನಿಪುರಾಣ ಕೇಶವನಿಗೆ ಹೇಳಿದ ಕ್ರಮ. ಅದೇ ಪಟ್ಟಿಯಲ್ಲಿ ಶಂಖ, ಪದ್ಮ, ಗದೆ, ಚಕ್ರ ಬಂದರೆ ನಾರಾಯಣ. ಗದೆ, ಚಕ್ರ, ಶಂಖ, ಪದ್ಮ ಬಂದರೆ ಮಾಧವ. ಚಕ್ರ, ಗದೆ, ಪದ್ಮ, ಶಂಖ ಬಂದರೆ ಗೋವಿಂದ. ಈ ನಾಲ್ಕನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಉಳಿದ ಇಪ್ಪತ್ತಕ್ಕೆ ಒಂದು ಪಟ್ಟಿ ಜೇಬಿನಲ್ಲಿ ಇಟ್ಟುಕೊಂಡರೆ ಸಾಕು.

ಈಗ ಎಡವುವ ಜಾಗಗಳು. ಸವೆದ ಕಲ್ಲಿನಲ್ಲಿ ಚಕ್ರ ಮತ್ತು ಪದ್ಮ ಎರಡೂ ದುಂಡಗೆ ಕಾಣುತ್ತವೆ. ಚಕ್ರ ಬೆರಳ ತುದಿಯ ಮೇಲೆ ನಿಂತಿರುತ್ತದೆ. ತಾವರೆಯನ್ನು ದಂಟಿನಿಂದ ಹಿಡಿದಿರುತ್ತಾರೆ. ಹಾಗಾಗಿ ದುಂಡಗಿನ ವಸ್ತುವನ್ನು ಬಿಟ್ಟು ಅದರ ಕೆಳಗಿನ ಬೆರಳುಗಳನ್ನು ನೋಡಿ. ಗದೆ ಕೆಳಗಿನ ಕೈಯಲ್ಲಿದ್ದರೆ ಉದ್ದವಾಗಿ ಪಾದದ ತನಕ ಇಳಿದಿರುತ್ತದೆ, ಮೇಲಿನ ಕೈಯಲ್ಲಿದ್ದರೆ ಚಿಕ್ಕದಾಗಿ ನೆಟ್ಟಗೆ ನಿಂತಿರುತ್ತದೆ. ಇನ್ನು ಕೆಳಗಿನ ಬಲಗೈ ಕೆಲವು ಮೂರ್ತಿಗಳಲ್ಲಿ ಅಂಗೈ ಬಿಚ್ಚಿ ಅಭಯದ ಥರ ಕಾಣುತ್ತದೆ. ಹತ್ತಿರ ಹೋದರೆ ಬೆರಳ ಸಂದಿಯಲ್ಲಿ ಪುಟ್ಟ ಪದ್ಮ ಇರುತ್ತದೆ. ಅದನ್ನು ನೋಡದೆ ಅಭಯ ಎಂದು ಬರೆದರೆ ಇಡೀ ಕ್ರಮ ಕೈ ಬಿಟ್ಟ ಹಾಗೆ.

ನಿಜವಾಗಿಯೂ ಮುಂದಿನ ಕೈಗಳು ಖಾಲಿ ಇದ್ದರೆ ಈ ಲೆಕ್ಕವೇ ಅನ್ವಯಿಸುವುದಿಲ್ಲ. ತಿರುಪತಿ ವೆಂಕಟೇಶ್ವರನ ಚಿತ್ರ ನೆನಪಿಸಿಕೊಳ್ಳಿ. ಮೇಲಿನ ಕೈಗಳಲ್ಲಿ ಚಕ್ರ, ಶಂಖ. ಕೆಳಗಿನ ಬಲಗೈ ವರದ, ಎಡಗೈ ಸೊಂಟದ ಹತ್ತಿರ. ಗದೆಯೂ ಇಲ್ಲ, ಪದ್ಮವೂ ಇಲ್ಲ. ಅಂಥ ಮೂರ್ತಿಯನ್ನು ಇಪ್ಪತ್ತನಾಲ್ಕರ ಪಟ್ಟಿಯಲ್ಲಿ ಹುಡುಕುತ್ತಾ ಕೂರಬೇಡಿ.

ಪಟ್ಟಿಗೂ ಒಂದು ಮಿತಿ ಇದೆ. ಅಗ್ನಿಪುರಾಣ, ಪದ್ಮಪುರಾಣ, ರೂಪಮಂಡನ ಮುಂತಾದ ಗ್ರಂಥಗಳು ಕೆಲವು ಹೆಸರುಗಳ ವಿಷಯದಲ್ಲಿ ಒಂದನ್ನೊಂದು ಒಪ್ಪುವುದಿಲ್ಲ. ಹಾಗಾಗಿ ಉತ್ತರ ಬರೆಯುವಾಗ ಯಾವ ಪಟ್ಟಿಯ ಪ್ರಕಾರ ಎಂದೂ ಬರೆಯಬೇಕು. ಪೀಠದ ಮೇಲೆ ಅಕ್ಷರ ಕಂಡರೆ ದೇವರ ಹೆಸರೇ ಇರಬೇಕು ಎಂದುಕೊಳ್ಳಬೇಡಿ. ಹೊಯ್ಸಳರ ಗುಡಿಗಳಲ್ಲಿ ಅದು ಬಹಳ ಸಲ ಶಿಲ್ಪಿಯ ಹೆಸರು. ಹದಿಮೂರನೇ ಶತಮಾನದ ಸೋಮನಾಥಪುರ ಗುಡಿಯಲ್ಲಿ ಮಲ್ಲಿತಮ್ಮ ಎಂಬ ಶಿಲ್ಪಿಯ ಹೆಸರು ಹಲವು ಮೂರ್ತಿಗಳ ಕೆಳಗಿದೆ.

ಪ್ರಶ್ನೆ 5

ಬೈಲುಕುಪ್ಪೆಯ ನಾಮ್‌ಡ್ರೋಲಿಂಗ್ ಮಠ, ನಾವೆಲ್ಲ ಗೋಲ್ಡನ್ ಟೆಂಪಲ್ ಎಂದು ಕರೆಯುವ ಜಾಗ. ಒಳಗೆ ಮೂರು ದೊಡ್ಡ ಬಂಗಾರದ ಬಣ್ಣದ ಮೂರ್ತಿಗಳು. ಬರುವವರಲ್ಲಿ ಹೆಚ್ಚಿನವರು ಮೂವರನ್ನೂ ಬುದ್ಧ ಎಂದೇ ಹೇಳಿ ಸೆಲ್ಫಿ ತೆಗೆದುಕೊಳ್ಳುತ್ತಾರೆ. ಮೂವರ ಹೆಸರು ಹೇಳಿ.

ಉತ್ತರ: ಮಡಿಲಿನಿಂದ ಶುರು ಮಾಡಿ, ಮೂವರ ಮಡಿಲಲ್ಲೂ ಬೇರೆ ಬೇರೆ ವಸ್ತು ಇದೆ.

ಆಭರಣವಿಲ್ಲದೆ, ಭಿಕ್ಷುವಿನ ಬಟ್ಟೆಯಲ್ಲಿ, ಮಡಿಲಲ್ಲಿ ಭಿಕ್ಷಾಪಾತ್ರೆ ಹಿಡಿದು, ಬಲಗೈಯಿಂದ ನೆಲ ಮುಟ್ಟುತ್ತಿರುವವನು ಶಾಕ್ಯಮುನಿ ಬುದ್ಧ. ಎಡಗೈಯಲ್ಲಿ ಪಾತ್ರೆ ಬಂದ ಮಾತ್ರಕ್ಕೆ ಭೂಮಿಸ್ಪರ್ಶ ಬದಲಾಗುವುದಿಲ್ಲ.

ಕಿರೀಟ, ಹಾರ ತೊಟ್ಟು, ಎರಡೂ ಕೈ ಧ್ಯಾನದಲ್ಲಿಟ್ಟು, ಅದರ ಮೇಲೆ ಕಲಶ ಹೊತ್ತವನು ಅಮಿತಾಯುಸ್. ಆ ಕಲಶದಲ್ಲಿರುವುದು ದೀರ್ಘಾಯುಷ್ಯದ ಅಮೃತ. ಇಲ್ಲಿ ಒಂದು ಬಲೆ ಇದೆ. ಅಮಿತಾಭನೂ ಧ್ಯಾನದಲ್ಲೇ ಕೂರುತ್ತಾನೆ. ಆದರೆ ಅವನು ಸಾಮಾನ್ಯವಾಗಿ ಭಿಕ್ಷುವಿನ ವೇಷದಲ್ಲಿರುತ್ತಾನೆ, ಕೈಯಲ್ಲಿ ಕಲಶದ ಬದಲು ಭಿಕ್ಷಾಪಾತ್ರೆ ಇರುತ್ತದೆ.

ಮೂರನೆಯವನಿಗೆ ಮೀಸೆ ಇದೆ, ತಲೆಯ ಮೇಲೆ ವಿಶೇಷ ಟೋಪಿ ಇದೆ. ಬಲಗೈಯಲ್ಲಿ ವಜ್ರ ಎಂಬ ಆಯುಧ, ಎಡಗೈಯಲ್ಲಿ ಕಪಾಲ, ಎಡ ತೋಳಿಗೆ ಒರಗಿಸಿದ ಉದ್ದನೆಯ ದಂಡ. ಅವನು ಟಿಬೆಟ್ಟಿಗೆ ವಜ್ರಯಾನ ಕೊಂಡೊಯ್ದ ಗುರು ಪದ್ಮಸಂಭವ. ಆ ದಂಡಕ್ಕೆ ಖಟ್ವಾಂಗ ಎನ್ನುತ್ತಾರೆ. ಕಪಾಲ, ಖಟ್ವಾಂಗ ಕಂಡ ಕೂಡಲೇ ನಮಗೆ ಭೈರವ, ಚಾಮುಂಡೆ ನೆನಪಾಗುವುದು ಸಹಜ. ಅವರ ಕೈಯಲ್ಲೂ ಇವೇ ಇವೆ, ತಂತ್ರದ ದಾರಿಯಲ್ಲಿ ಎರಡೂ ಕಡೆಯವರು ಹಂಚಿಕೊಂಡ ವಸ್ತುಗಳು ಇವು. ಇಲ್ಲಿ ಉತ್ತರ ಗಟ್ಟಿಯಾಗುವುದು ವಜ್ರ ಮತ್ತು ಟೋಪಿಯಿಂದ. ಭೈರವನಾಗಿದ್ದರೆ ಬೆತ್ತಲೆ ಮೈ, ಪಕ್ಕದಲ್ಲಿ ನಾಯಿ, ಕೈಯಲ್ಲಿ ಡಮರು ತ್ರಿಶೂಲ ಹುಡುಕುತ್ತಿದ್ದೆವು.

ಪ್ರಶ್ನೆ 6

ಮಂಗಳೂರಿನ ಕದ್ರಿ ಮಂಜುನಾಥ ದೇವಸ್ಥಾನ. ಕಂಚಿನ ಮೂರ್ತಿ. ಕೂತ ಭಂಗಿ, ಮೂರು ಮುಖ, ಆರು ಕೈ, ಮೈತುಂಬ ಆಭರಣ. ಹಿಂದೂವೋ ಬೌದ್ಧವೋ?

ಉತ್ತರ: ಈ ಮೂರ್ತಿಯ ಹೆಸರು ನಮಗೆ ಖಚಿತವಾಗಿ ಗೊತ್ತು, ಅದನ್ನು ಕೈಗಳು ಹೇಳಿದ್ದಲ್ಲ. ಪೀಠದ ಮೇಲೆ ಸಂಸ್ಕೃತ ಶಾಸನವಿದೆ. ಆಳುಪ ರಾಜ ಕುಂದವರ್ಮ ಕದಿರಿಕಾ ವಿಹಾರದಲ್ಲಿ ಲೋಕೇಶ್ವರನನ್ನು ಸ್ಥಾಪಿಸಿದ ಎಂದು ಅದು ಹೇಳುತ್ತದೆ. ಕಾಲ ಕ್ರಿ.ಶ. 968.

ಲೋಕೇಶ್ವರ ಎಂದರೆ ಬೌದ್ಧರಲ್ಲಿ ಕರುಣೆಯ ಬೋಧಿಸತ್ವ ಅವಲೋಕಿತೇಶ್ವರ, ವಿಹಾರ ಎಂಬುದೂ ಬೌದ್ಧರ ಮಾತು. ಆದ್ದರಿಂದ ಬೌದ್ಧ ಎನ್ನುವವರಿದ್ದಾರೆ. ಆದರೆ ಅದೇ ಶಾಸನ ರಾಜನನ್ನು ಶಿವಭಕ್ತ ಎಂದು ಹೊಗಳುತ್ತದೆ. ಮೂರ್ತಿ ಇರುವುದು ಶಿವನ ಗುಡಿಯಲ್ಲಿ. ಕದ್ರಿಯಲ್ಲಿ ನಾಥಪಂಥದ ಜೋಗಿ ಮಠ ಇದೆ. ನಾಥರ ಆದಿಗುರು ಮತ್ಸ್ಯೇಂದ್ರನಾಥನನ್ನು ನೇಪಾಳದಲ್ಲಿ ಇವತ್ತಿಗೂ ಅವಲೋಕಿತೇಶ್ವರ ಎಂದೇ ಪೂಜಿಸುತ್ತಾರೆ. ಹಾಗಾಗಿ ಶೈವವೂ ಬೌದ್ಧವೂ ಬೆರೆತ ಮೂರ್ತಿ ಎನ್ನುವ ಮಾತಿಗೂ ತೂಕ ಇದೆ. ನನಗೆ ಈ ಎರಡನೇ ಮಾತೇ ಹೆಚ್ಚು ಒಪ್ಪಿಗೆಯಾಗುತ್ತದೆ. ಎರಡು ಡಬ್ಬಿಗಳಲ್ಲಿ ಒಂದನ್ನು ಆರಿಸಿ ಎಂಬ ಒತ್ತಾಯ ನಮ್ಮದು, ಹತ್ತನೇ ಶತಮಾನದ ಮಂಗಳೂರಿನದಲ್ಲ.

ಇಂಥ ಮೂರ್ತಿಗೆ ಉತ್ತರವನ್ನು ಎರಡು ಸಾಲಿನಲ್ಲಿ ಬರೆಯಿರಿ. ಮೊದಲ ಸಾಲು ಕಂಡದ್ದು: ಕಂಚು, ಕೂತ ಭಂಗಿ, ಮೂರು ಮುಖ, ಆರು ಕೈ. ಎರಡನೇ ಸಾಲು ಹೆಸರು ಮತ್ತು ಅದಕ್ಕೆ ಆಧಾರ: ಲೋಕೇಶ್ವರ, ಪೀಠದ ಶಾಸನದಿಂದ, ಕ್ರಿ.ಶ. 968. ಉಳಿದ ಐದು ಉತ್ತರಗಳನ್ನೂ ಹೀಗೇ ಬರೆದು ನೋಡಿ. ಮೊದಲನೆಯದಕ್ಕೆ ಆಧಾರ ಅಂಗೈ ತಿರುಗಿದ ರೀತಿ, ಎರಡನೆಯದಕ್ಕೆ ಬಟ್ಟೆಯ ಅಂಚು, ನಾಲ್ಕನೆಯದಕ್ಕೆ ಅಗ್ನಿಪುರಾಣದ ಕ್ರಮ. ಆಧಾರದ ಜಾಗ ಖಾಲಿ ಉಳಿದರೆ ಹೆಸರಿನ ಜಾಗವನ್ನೂ ಖಾಲಿ ಬಿಡಿ.